ಸ್ಪೀಕರ್ ಮುಂದೆ ಮೈಕ್ ಎಲ್ಲಿಡಬೇಕು?

ಕೋಣೆಯಲ್ಲಿ ನಿಂತು ಕೇಳಿದರೆ ಎದೆ ನಡುಗಿಸುವ ಗಿಟಾರ್ ಆಂಪ್, ರೆಕಾರ್ಡ್ ಮಾಡಿ ಕೇಳಿದಾಗ ಡಬ್ಬಿಯೊಳಗೆ ಸಿಕ್ಕಿಬಿದ್ದ ಜೇನುನೊಣಗಳ ಹಾಗೆ ಝುಂಯ್‌ಗುಟ್ಟುತ್ತದೆ. ಮೊದಲ ಸಲ ರಾಕ್ ಗಿಟಾರ್ ಮುದ್ರಿಸಿಕೊಂಡವರೆಲ್ಲ ಹೇಳುವ ದೂರು ಇದು. ಆಗ ಹೆಚ್ಚಿನವರ ಕೈ ಕಂಪ್ಯೂಟರಿನ ಈಕ್ವಲೈಜರ್ ಕಡೆಗೋ ಇನ್ನೂ ದುಬಾರಿ ಮೈಕ್ ಕೊಳ್ಳುವುದರ ಕಡೆಗೋ ಹೋಗುತ್ತದೆ. ಆದರೆ ತಪ್ಪಿರುವುದು ಬಹಳ ಸಲ ಮೈಕ್ ಇಟ್ಟ ಜಾಗದಲ್ಲಿ. ಅದನ್ನು ಎರಡು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದರೆ ಆಗುವಷ್ಟು ವ್ಯತ್ಯಾಸ ಮೈಕ್ ಬದಲಿಸಿದರೂ ಆಗದೇ ಇರಬಹುದು.

ಕಿವಿಗೂ ಮೈಕ್‌ಗೂ ಇಷ್ಟು ಅಂತರ ಯಾಕೆ? ರಾಕ್‌ನಲ್ಲಿ ಸಾಮಾನ್ಯವಾಗಿ ಬಳಸುವ ಕ್ಯಾಬಿನೆಟ್ ಎಂದರೆ 12 ಇಂಚಿನ ನಾಲ್ಕು ಸ್ಪೀಕರ್‌ಗಳಿರುವ ಮರದ ಪೆಟ್ಟಿಗೆ. ವಾದಕ ಅದರಿಂದ ಒಂದೆರಡು ಮೀಟರ್ ದೂರ ನಿಂತಿರುತ್ತಾನೆ, ಅವನ ಕಿವಿ ಸ್ಪೀಕರ್‌ಗಳಿಗಿಂತ ತುಂಬಾ ಮೇಲಿರುತ್ತದೆ. ಅಷ್ಟು ಹೊತ್ತಿಗೆ ನಾಲ್ಕೂ ಸ್ಪೀಕರ್‌ಗಳ ಸದ್ದು ಒಂದರೊಳಗೊಂದು ಬೆರೆತು, ನೆಲ ಗೋಡೆಗಳಿಗೆ ತಾಗಿ ಬಂದಿರುತ್ತದೆ. ಮೈಕ್ ಮಾತ್ರ ಒಂದೇ ಸ್ಪೀಕರಿನ ಒಂದೇ ಒಂದು ಚುಕ್ಕೆಗೆ ಮೂಗು ತಾಗಿಸಿ ಕೂತಿರುತ್ತದೆ. ಹಾಗಾಗಿ ಆ ಚುಕ್ಕೆ ಯಾವುದು ಎಂಬುದೇ ಮುಖ್ಯ.

ಸ್ಪೀಕರಿನ ಕಾಗದದ ಕೋನ್ ಎಲ್ಲ ಕಡೆ ಒಂದೇ ಬಗೆಯ ಸದ್ದು ಹೊರಡಿಸುವುದಿಲ್ಲ. ನಡುವೆ ಉಬ್ಬಿದ ಒಂದು ಪುಟ್ಟ ಗುಂಡು ಮುಚ್ಚಳವಿದೆ, ಡಸ್ಟ್ ಕ್ಯಾಪ್. ಕೋನನ್ನು ಅಲುಗಿಸುವ ತಂತಿಸುರುಳಿ ಅದರ ಹಿಂದೆಯೇ ಇರುವುದು. ತಗ್ಗು ಸ್ವರಗಳಿಗೆ ಇಡೀ ಕೋನ್ ಒಟ್ಟಾಗಿ ಹಿಂದೆ ಮುಂದೆ ಹೋಗುತ್ತದೆ. ಸ್ವರ ಏರಿದಂತೆ ಕಾಗದ ಅಲ್ಲಲ್ಲಿ ಬಳುಕತೊಡಗಿ, ಚೂಪಾದ ಸದ್ದೆಲ್ಲ ನಡುಭಾಗದಿಂದಲೇ ಹೊರಡುತ್ತದೆ. ಅದು ಹರಡುವುದೂ ಕಡಿಮೆ. 100 ಹರ್ಟ್ಸ್‌ನ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ, ಹಾಗಾಗಿ ಅದು ಸುತ್ತೆಲ್ಲ ಹಬ್ಬುತ್ತದೆ. 5,000 ಹರ್ಟ್ಸ್‌ನ ಅಲೆ ಏಳು ಸೆಂಟಿಮೀಟರ್ ಮಾತ್ರ. 30 ಸೆಂಟಿಮೀಟರ್ ಅಗಲದ ಕೋನಿನ ಮುಂದೆ ಅಷ್ಟು ಚಿಕ್ಕ ಅಲೆ ನೇರವಾಗಿ, ಕಿರಿದಾದ ಹಾದಿಯಲ್ಲಿ ಸಾಗುತ್ತದೆ. ವಾದಕನ ಕಿವಿ ಆ ಹಾದಿಯಲ್ಲಿ ಇರುವುದೇ ಇಲ್ಲ. ನಡುವಿಗೆ ನೇರ ಹಿಡಿದ ಮೈಕ್ ಅವನು ಎಂದೂ ಕೇಳಿರದ ಕರ್ಕಶವನ್ನೆಲ್ಲ ಹಿಡಿದುಕೊಳ್ಳುತ್ತದೆ.

ಇನ್ನು ಮೈಕ್. ಶೂರ್ ಕಂಪನಿಯ ಎಸ್‌ಎಂ57 ಮಾರುಕಟ್ಟೆಗೆ ಬಂದದ್ದು 1965ರಲ್ಲಿ. ಗಿಟಾರ್ ಕ್ಯಾಬಿನೆಟ್ ಎಂದರೆ ಇಂದಿಗೂ ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ. ಅದು ಡೈನಾಮಿಕ್ ಮೈಕ್, ಎಷ್ಟು ಜೋರಾದ ಸದ್ದಿಗೂ ಬಗ್ಗುವುದಿಲ್ಲ, ಮುಂದಿನ ಸದ್ದನ್ನು ಹೆಚ್ಚಾಗಿ ಹಿಡಿದು ಹಿಂದಿನದನ್ನು ಬಿಡುತ್ತದೆ. 5,000ದಿಂದ 6,000 ಹರ್ಟ್ಸ್ ಆಸುಪಾಸಿನಲ್ಲಿ ಅದಕ್ಕೊಂದು ಸಹಜವಾದ ಏರಿಕೆಯಿದೆ. ಗಿಟಾರ್ ಸ್ಪೀಕರುಗಳ ಸದ್ದು ಸರಿಸುಮಾರು ಅಲ್ಲಿಂದಲೇ ಕಡಿದಾಗಿ ಇಳಿಯತೊಡಗುವುದರಿಂದ, ಈ ಏರಿಕೆ ಅಲ್ಲಿ ಉಳಿದಿರುವ ಅಂಚನ್ನು ಎತ್ತಿ ಕೊಡುತ್ತದೆ. ಡ್ರಮ್ಸ್, ಬೇಸ್‌ಗಳ ನಡುವೆ ಗಿಟಾರ್ ಎದ್ದು ಕೇಳಿಸಲು ಅದು ನೆರವಾಗುತ್ತದೆ. ತಪ್ಪು ಜಾಗದಲ್ಲಿಟ್ಟರೆ ಅದೇ ಏರಿಕೆ ಕಿವಿ ಕೊರೆಯುವುದೂ ಉಂಟು. ಈ ಮೈಕಿನ ಗುಣ ದೋಷ ಎರಡೂ ಒಂದೇ.

ಜಾಗ ಹುಡುಕುವುದಕ್ಕೆ ಇಬ್ಬರು ಬೇಕು, ಒಬ್ಬರು ಮೈಕ್ ಸರಿಸಲು, ಒಬ್ಬರು ಬೇರೆ ಕೋಣೆಯಲ್ಲಿ ಕೇಳಲು. ಮೊದಲ ಕೆಲಸ ಸ್ಪೀಕರ್ ಎಲ್ಲಿದೆ ಎಂದು ನೋಡುವುದು. ಕಪ್ಪು ಬಟ್ಟೆಯ ಹಿಂದೆ ಏನೂ ಕಾಣುವುದಿಲ್ಲ. ಮೊಬೈಲ್ ಟಾರ್ಚನ್ನು ಬಟ್ಟೆಗೆ ಒತ್ತಿ ಹಿಡಿದರೆ ಡಸ್ಟ್ ಕ್ಯಾಪಿನ ಗುಂಡು ಅಂಚು ಕಾಣುತ್ತದೆ. ಆ ಅಂಚಿಗೆ ಸರಿಯಾಗಿ ಬಟ್ಟೆಯ ಮೇಲೆ ಚಿಕ್ಕದೊಂದು ಟೇಪ್ ಅಂಟಿಸಬೇಕು. ಇದಕ್ಕೂ ಮೊದಲು ನಾಲ್ಕೂ ಸ್ಪೀಕರುಗಳನ್ನು ಒಂದೊಂದಾಗಿ ಮೈಕಿನಲ್ಲಿ ಕೇಳಿ ನೋಡುವುದು ಒಳ್ಳೆಯದು. ಒಂದೇ ಕಂಪನಿಯ, ಒಂದೇ ಮಾದರಿಯ ಸ್ಪೀಕರುಗಳೂ ಬಳಕೆಯಲ್ಲಿ ಬೇರೆ ಬೇರೆಯಾಗಿ ಪಳಗಿರುತ್ತವೆ. ನೆಲಕ್ಕೆ ಹತ್ತಿರವಿರುವ ಕೆಳಗಿನ ಎರಡಕ್ಕೆ ನೆಲದಿಂದ ಮರಳಿ ಬರುವ ಸದ್ದೂ ಸೇರಿರುತ್ತದೆ. ಬೇರೆ ಕಾರಣ ಇಲ್ಲದಿದ್ದರೆ ನಾನು ಮೇಲಿನ ಎರಡರಲ್ಲಿ ಒಂದನ್ನು ಆರಿಸುತ್ತೇನೆ.

ಮೈಕನ್ನು ಬಟ್ಟೆಯಿಂದ ಎರಡು ಬೆರಳು ದೂರದಲ್ಲಿ, ಕೋನಿಗೆ ನೇರವಾಗಿ, ಟೇಪ್ ಗುರುತಿನ ಎದುರಿಗೆ ಇಟ್ಟು ಶುರು ಮಾಡಬೇಕು. ಈಗ ವಾದಕನಿಗೆ ನುಡಿಸಬೇಡಪ್ಪಾ ಎಂದು ಹೇಳಿ, ಆಂಪಿನ ಗೇನ್ ಏರಿಸಿದರೆ ಸ್ಪೀಕರಿನಿಂದ ಬರೀ ‘ಶ್ಶ್’ ಎಂಬ ಸದ್ದು ಬರುತ್ತದೆ. ಈ ಸದ್ದಿನಲ್ಲಿ ತಗ್ಗು ಸ್ವರದಿಂದ ಮೇಲಿನ ಸ್ವರದವರೆಗೆ ಎಲ್ಲವೂ ಇರುವುದರಿಂದ ಮೈಕ್ ಸರಿದಾಗ ಬಣ್ಣ ಬದಲಾಗುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಕ್ಯಾಬಿನೆಟ್ ಬಳಿ ಇರುವ ಗೆಳೆಯ ಮೈಕನ್ನು ನಡುವಿನಿಂದ ಹೊರಗಡೆಗೆ ನಿಧಾನವಾಗಿ ಸರಿಸುತ್ತಾನೆ. ಒಳಗಿನವರು ಹೆಡ್‌ಫೋನಿನಲ್ಲಿ ಕೇಳುತ್ತಾ ಟಾಕ್‌ಬ್ಯಾಕಿನಲ್ಲಿ ಹೇಳುತ್ತಾರೆ, “ಹೂಂ, ಹೋಗು... ಇನ್ನೂ ಸ್ವಲ್ಪ... ಇಲ್ಲ, ಮಂಕಾಯ್ತು, ಅರ್ಧ ಬೆರಳು ಒಳಗೆ ಬಾ... ಅಲ್ಲೇ ನಿಲ್ಸು.” ನಡುವಿನಲ್ಲಿ ಶ್ಶ್ ಎಂಬುದು ಚುಚ್ಚುವಂತಿರುತ್ತದೆ, ಅಂಚಿಗೆ ಹೋದಂತೆ ಮಂದವಾಗುತ್ತಾ ಕೊನೆಗೆ ಹೊದಿಕೆ ಮುಚ್ಚಿದಂತಾಗುತ್ತದೆ. ಇವೆರಡರ ನಡುವೆ, ಡಸ್ಟ್ ಕ್ಯಾಪ್ ಮುಗಿದು ಕೋನ್ ಶುರುವಾಗುವ ಆಸುಪಾಸಿನಲ್ಲಿ, ಚುಚ್ಚು ಹೋಗಿ ಸ್ಪಷ್ಟತೆ ಉಳಿಯುವ ಒಂದು ಕಿರಿದಾದ ಪಟ್ಟಿ ಸಿಗುತ್ತದೆ. ಹೆಚ್ಚಿನ ರಾಕ್ ಗಿಟಾರ್‌ಗಳಿಗೆ ಹೊಂದುವುದು ಅದೇ. ಗೇನನ್ನು ಮೊದಲಿನ ಜಾಗಕ್ಕೆ ಇಳಿಸಿ, ಅದೇ ಹಾಡಿನ ಅದೇ ರಿಫ್ ನುಡಿಸಿಸಿ ಖಚಿತ ಮಾಡಿಕೊಳ್ಳಬೇಕು. ಶ್ಶ್ ಕೇಳಿ ಕೊಟ್ಟ ತೀರ್ಪು ಅಂದಾಜು ಮಾತ್ರ.

ಪಕ್ಕಕ್ಕೆ ಸರಿಸುವುದು ಮೇಲಿನ ಸ್ವರಗಳನ್ನು ಆಳಿದರೆ, ಹಿಂದಕ್ಕೆ ಸರಿಸುವುದು ಬೇಸನ್ನು ಆಳುತ್ತದೆ. ಒಂದು ದಿಕ್ಕಿಗೆ ಮಾತ್ರ ಕಿವಿಗೊಡುವ ಮೈಕುಗಳು ಸಾಮಾನ್ಯವಾಗಿ ಹತ್ತಿರ ಬಂದಷ್ಟೂ ತಗ್ಗು ಸ್ವರವನ್ನು ಉಬ್ಬಿಸುತ್ತವೆ. ಬಟ್ಟೆಗೆ ತಾಗಿಸಿಟ್ಟಾಗ, ಅಂಗೈಯಿಂದ ತಂತಿ ಒತ್ತಿ ನುಡಿಸಿದ ರಿಫ್ ‘ದುಮ್ ದುಮ್’ ಎಂದು ತೂಕವಾಗಿ ಬರುತ್ತದೆ. ಒಂಟಿಯಾಗಿ ಕೇಳಿದರೆ ಅದು ಮಜವಾಗಿರುತ್ತದೆ. ಬೇಸ್ ಗಿಟಾರ್ ಸೇರಿದ ಕೂಡಲೇ ಎರಡೂ ಒಂದೇ ಜಾಗಕ್ಕೆ ಜಗಳವಾಡಿ ಇಡೀ ಹಾಡು ರಾಡಿಯಾಗುತ್ತದೆ. ಮೈಕನ್ನು ಐದಾರು ಸೆಂಟಿಮೀಟರ್ ಹಿಂದೆ ತಂದರೆ ಆ ಉಬ್ಬು ಇಳಿಯುತ್ತದೆ. ಹಾಗಾಗಿ ಜಾಗ ನಿರ್ಧರಿಸುವಾಗ ಬೇಸ್ ಮತ್ತು ಡ್ರಮ್ಸ್ ಕೇಳಿಸುತ್ತಿರಲೇಬೇಕು. ಗಿಟಾರನ್ನು ಒಂಟಿಯಾಗಿ ಕೇಳಿ ಮೆಚ್ಚಿಕೊಂಡ ಸದ್ದು ಹಾಡಿನಲ್ಲಿ ಉಳಿಯುವುದು ಅಪರೂಪ.

ಇನ್ನೂ ದೂರ, ಮೀಟರ್‌ಗಟ್ಟಲೆ ಹಿಂದೆ ಮೈಕ್ ಇಡುವವರೂ ಇದ್ದಾರೆ. ಲೆಡ್ ಝೆಪ್ಪೆಲಿನ್‌ನ ಜಿಮ್ಮಿ ಪೇಜ್ ಆ ದೂರದಿಂದ ಬರುವ ಆಳವನ್ನು ತುಂಬಾ ನೆಚ್ಚಿಕೊಂಡವರು. ಅದಕ್ಕೆ ದೊಡ್ಡದಾದ, ಚೆನ್ನಾಗಿ ಮೊಳಗುವ ಕೋಣೆ ಬೇಕು. ನಮ್ಮ ಮನೆಗಳ ಹತ್ತು ಹನ್ನೆರಡು ಅಡಿಯ ಕಾಂಕ್ರೀಟ್ ರೂಮಿನಲ್ಲಿ ದೂರದ ಮೈಕ್ ಹಿಡಿಯುವುದು ಗೋಡೆಗಳ ಟೊಳ್ಳು ಸದ್ದನ್ನೇ. ಅಂಥಲ್ಲಿ ಹತ್ತಿರದ ಮೈಕೇ ಸರಿ.

ಒಂದು ಮೈಕ್ ಕೊಡದ ದಪ್ಪ ಬೇಕೆನಿಸಿದಾಗ ಎರಡನೆಯದು ಬರುತ್ತದೆ. ಈಗ ತುಂಬಾ ಪ್ರಚಲಿತವಾದ ಜೋಡಿ ಎಸ್‌ಎಂ57 ಮತ್ತು ರಿಬ್ಬನ್ ಮೈಕ್. ರಿಬ್ಬನ್ ಮೈಕಿನೊಳಗೆ ತೆಳ್ಳಗಿನ ಅಲ್ಯೂಮಿನಿಯಂ ಪಟ್ಟಿಯೇ ಅಲುಗುತ್ತದೆ, ಮೇಲಿನ ಸ್ವರಗಳನ್ನು ಮೆತ್ತಗೆ ಹಿಡಿಯುತ್ತದೆ. ಹಳೆಯ ರಿಬ್ಬನ್‌ಗಳು ಸ್ಪೀಕರ್ ನೂಕುವ ಗಾಳಿಗೇ ಹಿಗ್ಗಿಹೋಗುತ್ತಿದ್ದವು. 1998ರಲ್ಲಿ ಬಂದ ರಾಯರ್ ಆರ್-121 ಜೋರು ಸದ್ದು ತಡೆಯುವಂತೆ ಮಾಡಿದ್ದರಿಂದ ಗಿಟಾರ್ ಕ್ಯಾಬಿನೆಟ್ ಮುಂದೆ ನೆಲೆಯೂರಿತು. ಒಂದರಿಂದ ಅಂಚು, ಇನ್ನೊಂದರಿಂದ ಮೈ ಎಂಬುದು ಲೆಕ್ಕಾಚಾರ. ಕೈಕೊಡುವುದೂ ಇಲ್ಲಿಯೇ.

ಎಸ್‌ಎಂ57 ಬಟ್ಟೆಯಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿದೆ, ರಿಬ್ಬನ್ ಗಾಳಿಗೆ ಹೆದರಿ 11 ಸೆಂಟಿಮೀಟರ್ ಹಿಂದಿದೆ ಎಂದುಕೊಳ್ಳೋಣ. ಅಂತರ ಎಂಟೂವರೆ ಸೆಂಟಿಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ರಿಬ್ಬನ್‌ಗೆ ಅದು ಕಾಲು ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಕಾಲು ಮಿಲಿಸೆಕೆಂಡ್ ಎಂದರೆ 2,000 ಹರ್ಟ್ಸ್‌ನ ಅಲೆಗೆ ಸರಿಯಾಗಿ ಅರ್ಧ ಸುತ್ತು. ಒಂದು ಮೈಕಿನಲ್ಲಿ ಅಲೆ ಏರಿದಾಗ ಇನ್ನೊಂದರಲ್ಲಿ ಇಳಿದಿರುತ್ತದೆ, ಎರಡನ್ನೂ ಕೂಡಿಸಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಗಿಟಾರಿನ ಕಚ್ಚು ಇರುವುದು ಆ 2,000 ಹರ್ಟ್ಸ್ ಸುತ್ತಲೇ. ಒಂದೊಂದೇ ಕೇಳಿದಾಗ ಎರಡೂ ಚೆನ್ನಾಗಿದ್ದು, ಸೇರಿಸಿದಾಗ ಸದ್ದು ಬಡಕಲಾಗಿ ಕೊಳವೆಯೊಳಗಿಂದ ಬಂದಂತೆ ಕೇಳಿದರೆ ಕಾರಣ ಇದೇ. ಯಾವ ಈಕ್ವಲೈಜರೂ ಅಳಿದುಹೋದದ್ದನ್ನು ತಂದುಕೊಡುವುದಿಲ್ಲ.

ಅಂತರವನ್ನು ಒಂದು ಸೆಂಟಿಮೀಟರಿಗೆ ಇಳಿಸಿದರೆ ಅಳಿಸುವಿಕೆ 17,000 ಹರ್ಟ್ಸ್‌ಗೆ ಹೋಗುತ್ತದೆ. ಗಿಟಾರ್ ಸ್ಪೀಕರಿನಲ್ಲಿ ಅಲ್ಲಿ ಏನೂ ಇಲ್ಲದ್ದರಿಂದ ನಷ್ಟವಿಲ್ಲ. ಆದರೆ ಎರಡು ಮೈಕುಗಳ ಮೂತಿಗಳನ್ನು ಕಣ್ಣಳತೆಯಲ್ಲಿ ಸಮ ಮಾಡಿದರೆ ಸಾಲದು, ಸದ್ದು ಹಿಡಿಯುವ ಭಾಗ ಒಂದೊಂದರಲ್ಲಿ ಒಂದೊಂದು ಆಳದಲ್ಲಿ ಇರುತ್ತದೆ. ಕಿವಿಯಿಂದ ಹೀಗೆ ಹೊಂದಿಸಬಹುದು. ಎರಡರ ಮಟ್ಟವನ್ನೂ ಸಮ ಮಾಡಿ, ಒಂದು ಚಾನೆಲಿನಲ್ಲಿ ‘Ø’ ಗುರುತಿನ ಬಟನ್ ಒತ್ತಿ ಅಲೆಯನ್ನು ತಲೆಕೆಳಗು ಮಾಡಿ. ಎರಡೂ ಒಟ್ಟಿಗೆ ಕೇಳಿಸುತ್ತಿರುವಾಗಲೇ ರಿಬ್ಬನನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಸಿ. ಸದ್ದು ಅತ್ಯಂತ ಸಣಕಲಾಗುವ ಒಂದು ಜಾಗವಿರುತ್ತದೆ, ಸ್ಟ್ಯಾಂಡನ್ನು ಅಲ್ಲಿಯೇ ಬಿಗಿಮಾಡಿ. ಈಗ ಬಟನ್ ತೆಗೆದರೆ ಅದುವರೆಗೆ ಒಂದನ್ನೊಂದು ಅಳಿಸುತ್ತಿದ್ದದ್ದೆಲ್ಲ ಕೂಡಿಕೊಂಡು ಗಿಟಾರ್ ಮುಂದಕ್ಕೆ ನುಗ್ಗಿ ಬರುತ್ತದೆ. ದಪ್ಪ ಎಲ್ಲಿ ಹೆಚ್ಚು ಎಂದು ಹುಡುಕುವುದಕ್ಕಿಂತ ಸಣಕಲು ಎಲ್ಲಿ ಎಂದು ಹುಡುಕುವುದು ಕಿವಿಗೆ ಎಷ್ಟೋ ಸುಲಭ.

ಎರಡನೆಯ ಮೈಕ್ ರಿಬ್ಬನ್ನೇ ಆಗಬೇಕೆಂದಿಲ್ಲ. ಸ್ವೀಡನ್ನಿನ ಸ್ಟುಡಿಯೊ ಫ್ರೆಡ್‌ಮನ್‌ನ ಫ್ರೆಡ್ರಿಕ್ ನಾರ್ಡ್‌ಸ್ಟ್ರಮ್ ಎರಡು ಎಸ್‌ಎಂ57ಗಳನ್ನೇ ಪಕ್ಕಪಕ್ಕ ಇಟ್ಟು, ಒಂದನ್ನು ನೇರಕ್ಕೆ, ಇನ್ನೊಂದನ್ನು ಸುಮಾರು 45 ಡಿಗ್ರಿ ಓರೆಗೆ ತಿರುಗಿಸುವ ರೂಢಿಯನ್ನು ಹೆಸರುವಾಸಿ ಮಾಡಿದರು. ಓರೆ ಮೈಕಿಗೆ ಮೇಲಿನ ಸ್ವರ ಕಡಿಮೆ ಸಿಗುತ್ತದೆ. ಎರಡರ ಪಾಲನ್ನು ಹೆಚ್ಚು ಕಡಿಮೆ ಮಾಡಿ ಚೂಪನ್ನು ಹದ ಮಾಡಿಕೊಳ್ಳಬಹುದು. ರಿಬ್ಬನ್ ಕೊಳ್ಳಲಾಗದ ಮನೆ ಸ್ಟುಡಿಯೊಗಳಿಗೆ ನಾನು ಇದನ್ನೇ ಹೇಳುತ್ತೇನೆ.

ಇಷ್ಟೆಲ್ಲ ಮಾಡಿಯೂ ಝುಂಯ್‌ಗುಟ್ಟುವಿಕೆ ಬಿಡದಿದ್ದರೆ ಆಂಪಿನ ಗೇನ್ ನೋಡಬೇಕು. ಕೋಣೆಯಲ್ಲಿ ಹಿತವೆನಿಸುವ ಡಿಸ್ಟಾರ್ಷನ್ ಮೈಕಿನಲ್ಲಿ ಬಹುತೇಕ ಹೆಚ್ಚಾಗಿಯೇ ಇರುತ್ತದೆ. ಕೋಣೆಯಲ್ಲಿ ಅದಕ್ಕೆ ಜೊತೆಗೂಡುತ್ತಿದ್ದ ಜೋರು ಶಬ್ದ ಮುದ್ರಣದಲ್ಲಿ ಇಲ್ಲ. ತಂತಿ ಮೀಟಿದ ಏಟು ಒಂದೊಂದೂ ಬಿಡಿಬಿಡಿಯಾಗಿ ಕೇಳುವವರೆಗೆ ಗೇನ್ ಇಳಿಸಿ. ಅದೇ ಭಾಗವನ್ನು ಎರಡನೆಯ ಸಲ ಬೇರೆಯಾಗಿ ನುಡಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಹಾಕಿದಾಗ ಕಳೆದುಕೊಂಡೆವೆಂದುಕೊಂಡ ಗಾತ್ರ ಮರಳಿ ಬರುತ್ತದೆ. ಮೊದಲ ಮುದ್ರಣವನ್ನೇ ನಕಲು ಮಾಡಿ ಎರಡೂ ಕಡೆ ಇಟ್ಟರೆ ಈ ಅಗಲ ಬರುವುದಿಲ್ಲ, ಸದ್ದು ನಡುವೆಯೇ ಉಳಿದು ಜೋರಾಗುತ್ತದೆ ಅಷ್ಟೆ. ಈ ಎರಡನೆಯ ಸಲ ಮರುದಿನಕ್ಕೆ ಹೋಗುವುದಾದರೆ ಸ್ಟ್ಯಾಂಡಿನ ಕಾಲುಗಳ ಸುತ್ತ ನೆಲಕ್ಕೆ ಟೇಪ್ ಅಂಟಿಸಿ, ಮೈಕಿನಿಂದ ಬಟ್ಟೆಗಿರುವ ದೂರವನ್ನು ಸ್ಕೇಲಿನಿಂದ ಅಳೆದು ಬರೆದಿಡಿ, ಆಂಪಿನ ಗುಬುಟುಗಳ ಫೋಟೊ ತೆಗೆದುಕೊಳ್ಳಿ. ರಾತ್ರಿ ಕಸ ಗುಡಿಸುವಾಗ ಯಾರೋ ಸ್ಟ್ಯಾಂಡನ್ನು ತುಸು ಸರಿಸಿದರೂ ಎಡ ಬಲದ ಗಿಟಾರ್‌ಗಳು ಬೇರೆ ಬೇರೆ ಆಂಪಿನವು ಎಂಬಂತೆ ಕೇಳಿಸುತ್ತವೆ.