ತೋಳಿನ ಲೆಕ್ಕ ಎದೆಯಿಂದ ಶುರು

ಅಪ್ಪಯ್ಯನಿಗೆ ನಾನು ಹೆಣೆದ ಮೊದಲ ಸ್ವೆಟರ್ ಎದೆಗೆ ಚೆನ್ನಾಗಿಯೇ ಕೂತಿತ್ತು. ತೋಳು ಮಾತ್ರ ಮಣಿಕಟ್ಟು ದಾಟಿ ಅರ್ಧ ಅಂಗೈ ಮುಚ್ಚುತ್ತಿತ್ತು. ಕಾಫಿ ಲೋಟ ಎತ್ತುವ ಮೊದಲು ಅವರು ಪ್ರತಿ ಸಲವೂ ತೋಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು. ‘ಇರಲಿ ಮಾರಾಯ್ತಿ, ಕೈಗೂ ಬೆಚ್ಚಗಾಯ್ತು’ ಎಂದರು. ನನಗೆ ಅದು ಸಮಾಧಾನವಾಗಲಿಲ್ಲ. ಯಾಕೆಂದರೆ ಹೆಗಲ ಮೂಳೆಯಿಂದ ಮಣಿಕಟ್ಟಿನವರೆಗೆ ನಾನೇ ಟೇಪು ಹಿಡಿದಿದ್ದೆ. 22 ಇಂಚು ಬಂದಿತ್ತು, 22 ಇಂಚೇ ಹೆಣೆದಿದ್ದೆ.

ಟೇಪಿನಲ್ಲಿ ತಪ್ಪಿರಲಿಲ್ಲ. ಅಳೆಯಲು ಶುರುಮಾಡಿದ ಜಾಗ ತಪ್ಪಾಗಿತ್ತು. ದರ್ಜಿ ಅಂಗಿ ಹೊಲಿಯುವಾಗ ತೋಳಿನ ಜೋಡಣೆ ಹೆಗಲ ಮೂಳೆಯ ಮೇಲೇ ಬರುವಂತೆ ಬಟ್ಟೆಯನ್ನು ಕತ್ತರಿಸುತ್ತಾನೆ. ಹಾಗಾಗಿ ಅವನು ಅಲ್ಲಿಂದ ಅಳೆದರೆ ಸರಿ. ಮನೆಯಲ್ಲಿ ನಾವು ಹೆಚ್ಚಾಗಿ ಹೆಣೆಯುವುದು ಹಿಂಭಾಗ, ಮುಂಭಾಗ ಎರಡನ್ನೂ ನೇರ ಚೌಕವಾಗಿ ಹೆಣೆದು ತೋಳನ್ನು ಪಕ್ಕಕ್ಕೆ ಜೋಡಿಸುವ ಸರಳ ಸ್ವೆಟರ್. ಡ್ರಾಪ್ ಶೋಲ್ಡರ್ ಎನ್ನುವುದು ಇದನ್ನೇ. ಇದರಲ್ಲಿ ಜೋಡಣೆ ಹೆಗಲ ಮೂಳೆಯ ಮೇಲೆ ನಿಲ್ಲುವುದಿಲ್ಲ, ತೋಳಿನ ಮೇಲೆ ಜಾರಿ ಕೂರುತ್ತದೆ. ಎಷ್ಟು ಜಾರುತ್ತದೆ ಎನ್ನುವುದನ್ನು ಎದೆಗೆ ನಾವು ಬಿಟ್ಟ ಸಡಿಲ ತೀರ್ಮಾನಿಸುತ್ತದೆ. ಆದ್ದರಿಂದ ಎದೆಯ ಅಗಲ ಗೊತ್ತಾಗುವವರೆಗೂ ತೋಳಿನ ಉದ್ದವನ್ನು ಹೇಳಲು ಬರುವುದಿಲ್ಲ. ಎರಡನೇ ಸ್ವೆಟರಿಗೆ ಅಳತೆ ತೆಗೆಯಲು ಕೂತಾಗ ಈ ಕ್ರಮವನ್ನೇ ಹಿಡಿದೆ.

ಮೊದಲು ಟೇಪನ್ನೇ ಪರೀಕ್ಷಿಸಿದೆ. ಹಳೆಯ ಟೇಪು ಎಳೆದೆಳೆದು ಉದ್ದವಾಗಿರುತ್ತದೆ. ಸ್ಟೀಲಿನ ಸ್ಕೇಲಿನ ಪಕ್ಕ ಹಿಡಿದು 12 ಇಂಚು 12 ಇಂಚೇ ಇದೆಯೇ ಎಂದು ನೋಡಿಕೊಂಡರೆ ಸಾಕು. ಅಪ್ಪಯ್ಯ ದಿನಾ ಹಾಕುವ ತೆಳು ಅಂಗಿಯ ಮೇಲೆಯೇ ಅಳತೆ ತೆಗೆದೆ, ಏಕೆಂದರೆ ಸ್ವೆಟರ್ ಬರುವುದು ಅದರ ಮೇಲೆಯೇ. ಟೇಪು ಕಂಡ ಕೂಡಲೇ ವಯಸ್ಸಾದವರು ಬೆನ್ನು ನೆಟ್ಟಗೆ ಮಾಡಿ, ಉಸಿರು ಒಳಗೆಳೆದು ನಿಲ್ಲುತ್ತಾರೆ. ಆ ನಿಲುವು ಅವರದ್ದಲ್ಲ. ಅಡಿಕೆ ಕೊಯ್ಲಿನ ಸುದ್ದಿ ತೆಗೆದು, ಅವರು ಮಾತಿಗಿಳಿದು ಹೆಗಲು ಸಡಿಲ ಬಿಟ್ಟ ಮೇಲೆ ಟೇಪು ಸುತ್ತಿದೆ.

ಎದೆಯ ಅಳತೆಗೆ ಟೇಪು ಕಂಕುಳಿನ ಕೆಳಗಿನಿಂದ ಹೋಗಿ, ಎದೆಯ ಅತಿ ಉಬ್ಬಿದ ಜಾಗದ ಮೇಲೆ, ಹಿಂದೆ ಬೆನ್ನಿನ ರೆಕ್ಕೆಮೂಳೆಗಳ ಮೇಲೆ ಹಾಯಬೇಕು. ಕೈಯೆತ್ತಿಸಿ ಟೇಪು ಹಾಕಿ, ಕೈ ಇಳಿಸಿದ ಮೇಲೆ ಓದಬೇಕು. ಹಿಂದುಗಡೆ ಟೇಪು ಜಾರುವುದು ಅಳೆಯುವವರಿಗೆ ಕಾಣುವುದಿಲ್ಲ, ಅದಕ್ಕೆ ಇನ್ನೊಬ್ಬರು ಬೆನ್ನ ಹಿಂದೆ ನಿಂತಿರುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಅಮ್ಮ ನಿಂತರು. ಎದೆ 38 ಇಂಚು ಬಂತು. ಗಂಡಸರ ಸ್ವೆಟರಿಗೆ ಅಲ್ಲಿಗೇ ನಿಲ್ಲಿಸಬಾರದು, ಹೊಟ್ಟೆಯನ್ನೂ ಅಳೆಯಬೇಕು. ಅಪ್ಪಯ್ಯನದು ನಿಂತಾಗ 40 ಇಂಚು, ಊಟವಾಗಿ ಕುರ್ಚಿಯಲ್ಲಿ ಕೂತಾಗ 41. ಎದೆಯನ್ನಷ್ಟೇ ನಂಬಿ ಹೆಣೆದಿದ್ದರೆ ಗುಂಡಿಗಳ ನಡುವೆ ಬಾಯಿ ಬಿಟ್ಟುಕೊಳ್ಳುವ ಸ್ವೆಟರ್ ಆಗುತ್ತಿತ್ತು. ಹೆಣಿಗೆಯ ಬಟ್ಟೆಗೆ ಇನ್ನೊಂದು ಗುಣವಿದೆ. ಅಡ್ಡಕ್ಕೆ ಹಿಗ್ಗಿದಷ್ಟೂ ಅದು ಉದ್ದದಲ್ಲಿ ಕುಗ್ಗುತ್ತದೆ. ಹೊಟ್ಟೆಯ ಹತ್ತಿರ ಬಿಗಿಯಾದರೆ ಮುಂದಿನ ಅಂಚು ಮೇಲಕ್ಕೇರುತ್ತದೆ. ‘ಸ್ವೆಟರ್ ಗಿಡ್ಡವಾಯಿತು’ ಎಂದು ದೂರುವ ಅನೇಕರಿಗೆ ನಿಜಕ್ಕೂ ಬೇಕಾಗಿದ್ದದ್ದು ಅಗಲ.

ಇನ್ನು ಸಡಿಲ. ದರ್ಜಿಗೆ ‘ಸ್ವಲ್ಪ ಲೂಸ್ ಬಿಡಿ’ ಎನ್ನುತ್ತೇವಲ್ಲ, ಅದೇ. ಸಿದ್ಧವಾದ ಸ್ವೆಟರಿನ ಸುತ್ತಳತೆಯಿಂದ ಮೈಯ ಸುತ್ತಳತೆಯನ್ನು ಕಳೆದರೆ ಉಳಿಯುವುದು ಸಡಿಲ. ಮೈಗೆ ಹತ್ತಿಕೊಂಡಂತಿರಬೇಕಾದರೆ 1ರಿಂದ 2 ಇಂಚು, ಅಂಗಿಯ ಮೇಲೆ ಆರಾಮಾಗಿ ಹಾಕಿಕೊಳ್ಳಲು 3ರಿಂದ 4, ದೊಗಲೆಯಾಗಿ ಬೇಕೆನ್ನುವ ಹುಡುಗರಿಗೆ 6 ಅಥವಾ ಹೆಚ್ಚು. ಬಿಟ್ಟ ಸಡಿಲವಷ್ಟೂ ಮೈಗೆ ಸಿಗುವುದಿಲ್ಲ ಎನ್ನುವುದು ಹೊಸಬರಿಗೆ ಹೊಳೆಯದ ಸಂಗತಿ. ದಪ್ಪ ಉಣ್ಣೆಯಲ್ಲಿ ಹೆಣೆದ ಬಟ್ಟೆ ಸುಮಾರು 4 ಮಿಲಿಮೀಟರ್ ದಪ್ಪವಿದೆ ಎಂದುಕೊಳ್ಳಿ. ಅದು ಮೈಸುತ್ತ ಬಳೆಯಂತೆ ನಿಂತಾಗ ಒಳಗಿನ ಸುತ್ತು ಹೊರಗಿನ ಸುತ್ತಿಗಿಂತ ಸುಮಾರು ಒಂದು ಇಂಚು ಕಡಿಮೆಯಿರುತ್ತದೆ. ಆ ಒಂದು ಇಂಚನ್ನು ಉಣ್ಣೆಯೇ ತಿಂದುಹಾಕುತ್ತದೆ. ತೆಳು ನೂಲಿನ ಸ್ವೆಟರಿಗೆ ಸಾಕಾಗುವ 3 ಇಂಚು ದಪ್ಪ ನೂಲಿನಲ್ಲಿ ಬಿಗಿಯೆನಿಸುವುದು ಇದಕ್ಕೇ. ನಾನು 4 ಇಂಚು ಇಟ್ಟುಕೊಂಡೆ. ಅದನ್ನು ಸೇರಿಸಿದ್ದು ಎದೆಗಲ್ಲ, ಎರಡರಲ್ಲಿ ದೊಡ್ಡದಾದ ಹೊಟ್ಟೆಗೆ. 40ಕ್ಕೆ 4 ಸೇರಿ 44 ಇಂಚು. ಕೂತಾಗಲೂ 3 ಇಂಚು ಉಳಿಯುತ್ತದೆ. ನನ್ನ ಸಮಾಧಾನಕ್ಕೆ ಅವರಿಗೆ ಪ್ರಿಯವಾದ ಅಂಗಿಯನ್ನು ಮಂಚದ ಮೇಲೆ ಹಾಸಿ ಕಂಕುಳಿನ ಕೆಳಗೆ ಅಡ್ಡ ಅಳೆದೆ. 22 ಇಂಚು, ಅಂದರೆ ಸುತ್ತ 44. ಹೆಣಿಗೆಯ ಪುಸ್ತಕಗಳಿಗೆ ಹೆಸರಾದ ಎಲಿಜಬೆತ್ ಝಿಮ್ಮರ್‌ಮನ್ 1971ರ ತಮ್ಮ ‘ನಿಟಿಂಗ್ ವಿದೌಟ್ ಟಿಯರ್ಸ್’ನಲ್ಲಿ, ಚೆನ್ನಾಗಿ ಒಪ್ಪುವ ಹಳೆಯ ಸ್ವೆಟರನ್ನೇ ಅಳೆಯಿರಿ ಎನ್ನುತ್ತಾರೆ. ಅಂಥ ಸ್ವೆಟರ್ ಇಲ್ಲದ ಮನೆಯಲ್ಲಿ ಇಷ್ಟದ ಅಂಗಿಯೂ ಸಾಕ್ಷಿ ಹೇಳುತ್ತದೆ.

ಈ 44 ಇಂಚು ಕಡ್ಡಿಯ ಮೇಲೂ 44 ಆಗಿಯೇ ಉಳಿಯಬೇಕಾದರೆ ಮಾದರಿ ತುಂಡೊಂದು ಬೇಕು. ಅದೇ ಉಣ್ಣೆ, ಅದೇ ಕಡ್ಡಿಯಲ್ಲಿ 6 ಇಂಚಿನ ಚೌಕ ಹೆಣೆದು, ಸ್ವೆಟರನ್ನು ಹೇಗೆ ತೊಳೆಯುತ್ತೇವೋ ಹಾಗೇ ತೊಳೆದು, ಹಾಸಿ ಒಣಗಿಸಿ, ಅಂಚು ಬಿಟ್ಟು ನಡುವಿನ 4 ಇಂಚಿನಲ್ಲಿ ಕುಣಿಕೆಗಳನ್ನು ಎಣಿಸಬೇಕು. ನನಗೆ 20 ಸಿಕ್ಕವು, ಇಂಚಿಗೆ 5. ಹಾಗಾಗಿ 44 ಇಂಚಿಗೆ 220 ಕುಣಿಕೆ. ನನ್ನ ಕೈ ಕೊಂಚ ಬಿಗಿಯಾಗಿ, ಇಂಚಿಗೆ ಐದೂವರೆ ಕುಣಿಕೆ ಬೀಳುವಂತಿದ್ದರೆ ಅದೇ 220 ಕುಣಿಕೆ ಸುತ್ತ 40 ಇಂಚೇ ಆಗುತ್ತಿತ್ತು. 40 ಎಂದರೆ ಅಪ್ಪಯ್ಯನ ಹೊಟ್ಟೆ. ಅರ್ಧ ಕುಣಿಕೆಯ ವ್ಯತ್ಯಾಸದಲ್ಲಿ ಬಿಟ್ಟ ಸಡಿಲವೆಲ್ಲ ಮಾಯ. ಮೈಯನ್ನು ಎಷ್ಟೇ ಜೋಪಾನವಾಗಿ ಅಳೆದಿದ್ದರೂ ಈ ತುಂಡನ್ನು ಹೆಣೆಯದಿದ್ದರೆ ಆ ಅಳತೆ ವ್ಯರ್ಥ.

ಈಗ ತೋಳು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಎದ್ದು ಕೈಗೆ ಸಿಗುತ್ತದೆ. ಅದರ ಮೇಲೆ ಟೇಪಿನ ತುದಿಯಿಟ್ಟು, ಹೆಗಲ ಮೇಲೆ ಹಾಯಿಸಿ, ಮೊಣಕೈಯನ್ನು ಕೊಂಚ ಮಡಿಸಿರುವಂತೆ ಹೇಳಿ, ಮಣಿಕಟ್ಟಿನ ಮೂಳೆಯವರೆಗೆ ತಂದೆ. ಕೈ ನೆಟ್ಟಗೆ ಚಾಚಿಸಿ ಅಳೆದರೆ, ಆಮೇಲೆ ಕೈ ಮಡಿಸಿದಾಗ ತೋಳು ಮಣಿಕಟ್ಟು ಬಿಟ್ಟು ಹಿಂದೆ ಸರಿಯುತ್ತದೆ. 30½ ಇಂಚು ಬಂತು. ಸ್ವೆಟರಿನ ಸುತ್ತಳತೆ 44 ಆದ್ದರಿಂದ ಬೆನ್ನಿನ ಭಾಗದ ಅಗಲ 22, ಬೆನ್ನುಹುರಿಯಿಂದ ಒಂದು ಬದಿಯ ಅಂಚಿಗೆ 11. ಕತ್ತಿನ ಮೂಳೆಯಿಂದ ಮೊದಲ 11 ಇಂಚನ್ನು ಮೈಭಾಗವೇ ಮುಚ್ಚಿಬಿಡುತ್ತದೆ. 30½ರಲ್ಲಿ 11 ಕಳೆದರೆ 19½. ತೋಳನ್ನು ಹೆಣೆಯಬೇಕಾದದ್ದು ಇಷ್ಟೇ.

ಹಳೆಯ ಸ್ವೆಟರಿನ ತಪ್ಪೂ ಆಗ ಅಂಕಿಯಲ್ಲೇ ಕಂಡಿತು. ಅಪ್ಪಯ್ಯನ ಒಂದು ಹೆಗಲ ಮೂಳೆಯಿಂದ ಇನ್ನೊಂದಕ್ಕೆ 17 ಇಂಚು, ಅರ್ಧಕ್ಕೆ 8½. ಆ ಸ್ವೆಟರಿನ ಸುತ್ತಳತೆಯೂ 44 ಇದ್ದದ್ದರಿಂದ ಅದರ ಅಂಚು ಹೆಗಲ ಮೂಳೆಯನ್ನು ದಾಟಿ 2½ ಇಂಚು ಕೆಳಗಿತ್ತು. ನಾನು ಹೆಗಲ ಮೂಳೆಯಿಂದ ಅಳೆದ 22 ಇಂಚಿನ ತೋಳನ್ನು ತಂದು ಅಲ್ಲಿಗೆ ಜೋಡಿಸಿದ್ದೆ. ಮೇಲೆ ಜಾರಿದ 2½ ಇಂಚೇ ಅಂಗೈಯ ಮೇಲೆ ಬಂದು ಬಿದ್ದಿತ್ತು. ಇದರಿಂದ ಒಂದು ಸುಲಭ ಲೆಕ್ಕ ಸಿಕ್ಕಿತು. ಸುತ್ತಳತೆಗೆ 4 ಇಂಚು ಸೇರಿಸಿದರೆ ಪ್ರತಿ ತೋಳಿನಿಂದ 1 ಇಂಚು ಕಳೆಯಬೇಕು. ಮಗನಿಗೆ ದೊಗಲೆ ಬೇಕೆಂದು ಎದೆ ಹಿಗ್ಗಿಸಿ, ತೋಳನ್ನು ಹಾಗೇ ಬಿಡುವವರು ಇದನ್ನು ನೆನಪಿಡಬೇಕು. ಹೆಗಲ ಮೇಲೇ ತೋಳು ಕೂರುವ ಹಾಗೆ ಕಂಕುಳಿನ ಹತ್ತಿರ ಕುಣಿಕೆ ಇಳಿಸಿ ಹೆಣೆಯುವ ಸ್ವೆಟರಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ದರ್ಜಿಯ ಅಳತೆಯೇ ಸರಿ.

ತೋಳಿನ ಸುತ್ತಳತೆಗೆ ಹೆಚ್ಚು ಹೊತ್ತು ಬೇಡ. ಅಪ್ಪಯ್ಯನ ರಟ್ಟೆ 12 ಇಂಚು. ಚೌಕ ಸ್ವೆಟರಿನಲ್ಲಿ ಕಂಕುಳು ಆಳವಾಗಿರದಿದ್ದರೆ ಕೈಯೆತ್ತಿದಾಗ ಇಡೀ ಸ್ವೆಟರ್ ಮೇಲೇಳುತ್ತದೆ. ಅದಕ್ಕೆ ತೋಳಿನ ಮೇಲ್ತುದಿಗೆ 18 ಇಂಚು ಕೊಟ್ಟೆ. ಕೆಳಗೆ ಮುಷ್ಟಿ ದಾಟುವಷ್ಟು ಹಿಗ್ಗುವ ಪಟ್ಟಿ ಬಂದರೆ ಸಾಕು.

ಉದ್ದದ ವಿಷಯ ಹಾಗಲ್ಲ, ವಯಸ್ಸಾದವರಲ್ಲಿ ಅದಕ್ಕೆ ಬಿಡುವು ಮಾಡಿಕೊಳ್ಳಬೇಕು. ಸೊಂಟದ ಸುತ್ತ ಒಂದು ಉಣ್ಣೆಯ ಎಳೆಯನ್ನು ನೆಲಕ್ಕೆ ಸಮನಾಗಿ ಕಟ್ಟಿದೆ. ಉಡಿದಾರವನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ಅದು ಮುಂದೆ ಹೊಟ್ಟೆಯ ಕೆಳಗೆ ಜಾರಿರುತ್ತದೆ. ಕತ್ತಿನ ಪಕ್ಕದಲ್ಲಿ ಹೆಗಲು ಶುರುವಾಗುವ ಜಾಗದಿಂದ ಎಳೆಯವರೆಗೆ ಹಿಂದೆ 18½ ಇಂಚು, ಮುಂದೆ 17. ಬೆನ್ನು ಬಾಗಿದಾಗ ಹಿಂದಿನ ದಾರಿ ಉದ್ದವಾಗಿ, ಮುಂದಿನದು ಗಿಡ್ಡವಾಗುತ್ತದೆ. ಎರಡನ್ನೂ ಒಂದೇ ಉದ್ದಕ್ಕೆ ಹೆಣೆದರೆ ಹಿಂದಿನ ಅಂಚು ಎತ್ತಿಕೊಂಡು ಸೊಂಟಕ್ಕೆ ಚಳಿ ಹೊಡೆಯುತ್ತದೆ, ಕತ್ತು ಹಿಂದಕ್ಕೆ ಜಾರುತ್ತದೆ. ಕನ್ನಡಿಯಲ್ಲಿ ಪಕ್ಕದಿಂದ ನೋಡಿದರೆ ಸ್ವೆಟರಿನ ಕೆಳ ಅಂಚು ಓರೆಯಾಗಿ ಕಾಣುವುದು ಇದರ ಗುರುತು.

ಇಡೀ ಹಿಂಭಾಗವನ್ನು ಒಂದೂವರೆ ಇಂಚು ಉದ್ದ ಮಾಡಿದರೆ ಪಕ್ಕದ ಅಂಚುಗಳು ಮುಂಭಾಗಕ್ಕೆ ಹೊಂದುವುದಿಲ್ಲ. ಹೆಚ್ಚು ಬೇಕಾದದ್ದು ರೆಕ್ಕೆಮೂಳೆಗಳ ನಡುವೆ ಮಾತ್ರ. ಅಲ್ಲಿ ಸಾಲನ್ನು ಕೊನೆಯವರೆಗೆ ಹೆಣೆಯದೆ, ನಡುವಿನ ಕುಣಿಕೆಗಳನ್ನಷ್ಟೇ ಹೆಣೆದು ಅರ್ಧದಲ್ಲೇ ತಿರುಗಿ ವಾಪಸ್ಸು ಬಂದೆ. ನನ್ನ ಹೆಣಿಗೆಯಲ್ಲಿ ಇಂಚಿಗೆ 7 ಸಾಲು. ಹೀಗೆ ಹೋಗಿ ಬಂದ 10 ಸಾಲಿಗೆ ಬೆನ್ನಿನ ನಡುವೆ ಸುಮಾರು ಒಂದೂವರೆ ಇಂಚು ಸೇರಿತು, ಅಂಚುಗಳು ಇದ್ದಲ್ಲೇ ಉಳಿದವು. ಎಳೆಯಿಂದ ಕೆಳಗೆ ಎಲ್ಲ ಕಡೆ 8 ಇಂಚು ಬಿಟ್ಟೆ. ಇನ್ನೂ ಉದ್ದ ಬಿಡಬಹುದಿತ್ತು. ಆದರೆ ಅಪ್ಪಯ್ಯ ದಿನದ ಹೆಚ್ಚು ಹೊತ್ತು ಕೂತೇ ಇರುತ್ತಾರೆ. ಕೂತಾಗ ಉದ್ದದ ಅಂಚು ತೊಡೆಗೆ ತಾಗಿ ಮುಂಭಾಗವನ್ನೆಲ್ಲ ಗದ್ದದ ಕಡೆಗೆ ನೂಕುತ್ತದೆ.

ಜೋಡಿಸುವ ಮೊದಲು ತುಂಡುಗಳನ್ನು ತೊಳೆದು, ಒಣಗಿಸಿ ಮತ್ತೆ ಅಳೆದೆ. ತೋಳು 19½ಕ್ಕೆ ಕಾಲು ಇಂಚು ಹೆಚ್ಚಿತ್ತು, ಬಿಟ್ಟೆ. ಹಾಕಿಕೊಂಡ ಮೇಲೆ ನಾಗಂದಿಗೆಯ ಮೇಲಿನ ಡಬ್ಬಿ ತೆಗೆಯಿರಿ ಎಂದೆ, ಕೈಯೆತ್ತಿದಾಗ ಅಂಚು ಒಂದಿಷ್ಟೇ ಎದ್ದಿತು. ಕುರ್ಚಿಯಲ್ಲಿ ಕೂರಿಸಿ ಗುಂಡಿಗಳ ನಡುವೆ ನೋಡಿದೆ, ಬಾಯಿ ಬಿಟ್ಟಿರಲಿಲ್ಲ. ಅಮ್ಮ ಕಾಫಿ ತಂದರು. ಲೋಟ ತೆಗೆದುಕೊಳ್ಳಲು ಚಾಚಿದ ಕೈಯಲ್ಲಿ ತೋಳಿನ ಪಟ್ಟಿ ಮಣಿಕಟ್ಟಿನ ಮೂಳೆಯ ಮೇಲೇ ನಿಂತಿತ್ತು.

ಅಂಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆದಿಟ್ಟಿದ್ದೇನೆ. ಮೂರು ಚಳಿಗಾಲ ಕಳೆದು ಹೊಸ ಸ್ವೆಟರಿಗೆಂದು ಈ ಸಲ ದೀಪಾವಳಿಗೆ ಮತ್ತೆ ಟೇಪು ಹಿಡಿದಾಗ ಎದೆ ಅದೇ 38, ತೋಳೂ ಅದೇ. ಬೆನ್ನಿನ 18½ ಮಾತ್ರ 19 ಆಗಿತ್ತು. ಪಕ್ಕದಲ್ಲಿ ಹೊಸ ತಾರೀಖು ಬರೆದು, ರೆಕ್ಕೆಮೂಳೆಗಳ ನಡುವೆ ಈ ಸಲ 14 ಸಾಲು ಎಂದು ಗುರುತು ಹಾಕಿಕೊಂಡೆ.