ಮ್ಯಾನೇಜರ್ ಮೇಜಿನ ಮೇಲೆ ಒಂದು ದೂರು ಪತ್ರ

ಸೋಮವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುತ್ತಿದ್ದಂತೆ ಕೈಯಲ್ಲಿ ಪಾಸ್‌ಬುಕ್, ಮುಖದಲ್ಲಿ ಗಾಬರಿ ಹೊತ್ತು ಬರುವವರು ಈಗ ಯಾವ ಶಾಖೆಗೂ ಹೊಸಬರಲ್ಲ. "ಸರ್, ಲಿಂಕ್ ಒತ್ತಿದೆ, ದುಡ್ಡು ಹೋಯ್ತು" ಎಂಬಲ್ಲಿಂದ ಅವರ ಮಾತು ಶುರುವಾಗುತ್ತದೆ. ಮ್ಯಾನೇಜರ್ ಒಂದು ಬಿಳಿ ಹಾಳೆ ಮುಂದೆ ತಳ್ಳಿ, "ಒಂದು ಲೆಟರ್ ಬರೆದುಕೊಡಿ" ಎನ್ನುತ್ತಾರೆ. ಅಲ್ಲೇ ನಿಂತು ನಾಲ್ಕು ಸಾಲು ಗೀಚಿ ಕೊಟ್ಟು ಹೊರಡುವವರೇ ಹೆಚ್ಚು. ಹೋದ ಹಣದಲ್ಲಿ ಎಷ್ಟು ಬ್ಯಾಂಕಿನ ತಲೆಗೆ, ಎಷ್ಟು ಗ್ರಾಹಕರ ತಲೆಗೆ ಎಂಬ ತಕರಾರು ಮುಂದೆ ಎದ್ದಾಗ ಎಲ್ಲರೂ ತೆರೆದು ನೋಡುವುದು ಆ ನಾಲ್ಕು ಸಾಲುಗಳನ್ನೇ.

ಒಂದು ಕಲ್ಪಿತ ಪ್ರಸಂಗ ಇಟ್ಟುಕೊಂಡು ನೋಡೋಣ. ತಿಪಟೂರಿನ ಒಬ್ಬ ನಿವೃತ್ತ ಶಿಕ್ಷಕಿ. 2025ರ ಜೂನ್ 13, ಶುಕ್ರವಾರ ರಾತ್ರಿ ಅವರ ವಾಟ್ಸ್ಆ್ಯಪ್‌ಗೆ ಒಂದು ಸಂದೇಶ ಬರುತ್ತದೆ: ನಿಮ್ಮ ಸ್ಕೂಟರ್ ಸಿಗ್ನಲ್ ದಾಟಿದೆ, 500 ರೂಪಾಯಿ ದಂಡ ಬಾಕಿ ಇದೆ, ಚಲನ್ ನೋಡಲು ಇಲ್ಲಿ ಒತ್ತಿ. ಒತ್ತಿದರೆ ಚಲನ್ ತೆರೆಯಲಿಲ್ಲ, `.apk` ಎಂದು ಕೊನೆಯಾಗುವ ಒಂದು ಕಡತ ಇಳಿಯಿತು. ಅದನ್ನು ಇನ್‌ಸ್ಟಾಲ್ ಮಾಡಿದರು. ಎಸ್‌ಎಂಎಸ್ ಓದಲು ಅನುಮತಿ ಕೇಳಿದಾಗ ಅದಕ್ಕೂ ಒಪ್ಪಿದರು. ನಂತರ ಬಂದ ಪುಟದಲ್ಲಿ ದಂಡ ಕಟ್ಟಲೆಂದು ಡೆಬಿಟ್ ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ತುಂಬಿದರು. ಪುಟ ಅಲ್ಲೇ ಗಿರಕಿ ಹೊಡೆಯುತ್ತ ನಿಂತಿತು. ಒಟಿಪಿ ಬರಲೇ ಇಲ್ಲ.

ಒಟಿಪಿ ಬಂದಿತ್ತು, ಅವರ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಹೊಸದಾಗಿ ಹೊಕ್ಕ ಆ್ಯಪ್ ಅದನ್ನು ಓದಿ ಕಳ್ಳರ ಫೋನಿಗೆ ದಾಟಿಸಿತ್ತು. 9.42ಕ್ಕೆ 49,999 ರೂಪಾಯಿ, 9.44ಕ್ಕೆ 25,000 ರೂಪಾಯಿ ಯಾವುದೋ ಆನ್‌ಲೈನ್ ವ್ಯಾಪಾರಿಯ ಹೆಸರಿನಲ್ಲಿ ಖರ್ಚಾಯಿತು. ಬ್ಯಾಂಕಿನಿಂದ ಬಂದ ಇಮೇಲ್ ನೋಡಿದ ಮಗ ಎಚ್ಚರಿಸಿದಾಗಲೇ ಅವರಿಗೆ ವಿಷಯ ತಿಳಿದದ್ದು. ಮಗನ ಫೋನಿನಿಂದಲೇ 10.05ಕ್ಕೆ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್ ಬ್ಲಾಕ್ ಮಾಡಿ ಎಂದರು, ದೂರಿನ ಸಂಖ್ಯೆ ಪಡೆದರು. ಕೂಡಲೇ 1930ಕ್ಕೂ ಕರೆ ಮಾಡಿದರು. ಅಷ್ಟಾದರೂ 10.31ಕ್ಕೆ ಇನ್ನೊಂದು 10,000 ರೂಪಾಯಿ ಹೋಯಿತು. ಒಟ್ಟು 84,999.

1930 ಪೊಲೀಸರ ಸಹಾಯವಾಣಿ. ಬ್ಯಾಂಕಿನ ಸಹಾಯವಾಣಿಗೆ ಹೇಳಿದೆನಲ್ಲ ಎಂದು ಇದನ್ನು ಬಿಡುವಂತಿಲ್ಲ. ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಬ್ಯಾಂಕು ಕಾರ್ಡನ್ನು ತಡೆಯುತ್ತದೆ. 1930ರಲ್ಲಿ ದಾಖಲಾದ ದೂರು ಹಣ ಹೋಗಿ ಸೇರಿದ ಬ್ಯಾಂಕಿಗೆ ತಲುಪುತ್ತದೆ. ಹಣ ಇನ್ನೂ ಅಲ್ಲಿದ್ದರೆ ಅದನ್ನು ಅಲ್ಲೇ ಹಿಡಿದಿಡುತ್ತಾರೆ, ಮುಂದೆ ಸಾಗಿದ್ದರೆ ದೂರೂ ಮುಂದಿನ ಬ್ಯಾಂಕಿಗೆ ಸಾಗುತ್ತದೆ. ಕಳ್ಳರು ಬಾಡಿಗೆ ಖಾತೆಗಳಲ್ಲಿ ಹಣವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತ ಹೋಗುವುದರಿಂದ ಇಲ್ಲಿ ತಡ ನಿಮಿಷದ ಲೆಕ್ಕದಲ್ಲಿ ಬೀಳುತ್ತದೆ. ಕರೆಯ ನಂತರ ಬರುವ ಸ್ವೀಕೃತಿ ಸಂಖ್ಯೆ ಹಿಡಿದು `cybercrime.gov.in` ತಾಣದಲ್ಲಿ ದೂರನ್ನು ಪೂರ್ತಿಗೊಳಿಸಬೇಕು. ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಈಗ ಪತ್ರಕ್ಕೆ ಬರೋಣ. ಈ ಶಿಕ್ಷಕಿ ಬರೆಯಬೇಕಾದ ಪತ್ರ ಹೀಗಿರುತ್ತದೆ:

ಇವರಿಗೆ: ಶಾಖಾ ವ್ಯವಸ್ಥಾಪಕರು.

ವಿಷಯ: ಉಳಿತಾಯ ಖಾತೆಯಲ್ಲಿ ನಡೆದ ಮೂರು ಅನಧಿಕೃತ ಡೆಬಿಟ್ ಕಾರ್ಡ್ ವಹಿವಾಟುಗಳ ಬಗ್ಗೆ ದೂರು.

ಮಾನ್ಯರೇ,

13-06-2025ರ ರಾತ್ರಿ ನನ್ನ ಖಾತೆಯಿಂದ (ಕಾರ್ಡಿನ ಕೊನೆಯ ನಾಲ್ಕು ಅಂಕಿ ____) ನನ್ನ ಅನುಮತಿ ಇಲ್ಲದೆ 9.42ಕ್ಕೆ ರೂ. 49,999, 9.44ಕ್ಕೆ ರೂ. 25,000 ಮತ್ತು 10.31ಕ್ಕೆ ರೂ. 10,000 ಕಡಿತವಾಗಿದೆ. ವಹಿವಾಟು ಸಂಖ್ಯೆಗಳಿರುವ ಪುಟವನ್ನು ಲಗತ್ತಿಸಿದ್ದೇನೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ಸಂಚಾರ ದಂಡದ ಲಿಂಕ್ ತೆರೆದು, ಅದರಿಂದ ಇಳಿದ ಆ್ಯಪ್ ಅನ್ನು ಇನ್‌ಸ್ಟಾಲ್ ಮಾಡಿದೆ. ರೂ. 500 ದಂಡ ಕಟ್ಟಲೆಂದು ಅದರಲ್ಲಿ ಕಾರ್ಡಿನ ವಿವರ ತುಂಬಿದೆ. ಒಟಿಪಿಯನ್ನಾಗಲಿ ಪಿನ್ ಅನ್ನಾಗಲಿ ಎಲ್ಲೂ ನಮೂದಿಸಿಲ್ಲ, ಯಾರಿಗೂ ಹೇಳಿಲ್ಲ. ಈ ವಹಿವಾಟುಗಳ ಒಟಿಪಿ ಸಂದೇಶ ನನ್ನ ಫೋನಿನಲ್ಲಿ ಕಾಣಿಸಲಿಲ್ಲ.

ಅದೇ ರಾತ್ರಿ 10.05ಕ್ಕೆ ನಿಮ್ಮ ಸಹಾಯವಾಣಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಲು ಕೋರಿದೆ (ದೂರು ಸಂಖ್ಯೆ ____). 1930ರಲ್ಲೂ ದೂರು ದಾಖಲಾಗಿದೆ (ಸ್ವೀಕೃತಿ ಸಂಖ್ಯೆ ____). ಮೂರನೆಯ ವಹಿವಾಟು ನಾನು ತಿಳಿಸಿದ ನಂತರ ನಡೆದಿದೆ.

ಮೂರೂ ವಹಿವಾಟುಗಳಿಗೆ ಚಾರ್ಜ್‌ಬ್ಯಾಕ್ ಕೋರಿಕೆ ಸಲ್ಲಿಸಬೇಕು, ರಿಸರ್ವ್ ಬ್ಯಾಂಕಿನ ಗ್ರಾಹಕ ರಕ್ಷಣೆ ನಿಯಮದಂತೆ ಮೊತ್ತವನ್ನು ಖಾತೆಗೆ ಮರಳಿ ಜಮಾ ಮಾಡಬೇಕು, ನಿಮ್ಮ ನಿರ್ಧಾರವನ್ನು ಕಾರಣ ಸಹಿತ ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇನೆ.

ಪತ್ರ ಇಷ್ಟೇ. ಮೂವತ್ತು ವರ್ಷದ ಗ್ರಾಹಕಿ ಎಂಬ ಪೀಠಿಕೆ ಇಲ್ಲ, ಗೋಳಾಟವೂ ಇಲ್ಲ. ಆದರೆ ಗಡಿಯಾರದ ಸಮಯ ನಾಲ್ಕು ಕಡೆ ಬಂದಿದೆ. ಅದಕ್ಕೆ ಕಾರಣ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ. ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟಿನಲ್ಲಿ ಗ್ರಾಹಕರ ಹೊಣೆ ಎಷ್ಟು ಎಂದು ಅದು ಗೆರೆ ಹಾಕಿ ಹೇಳಿತು, ಮತ್ತು ಆ ಗೆರೆಯನ್ನು ಎಳೆದದ್ದು ತಪ್ಪು ಯಾರದು, ತಿಳಿಸಿದ್ದು ಯಾವಾಗ ಎಂಬ ಎರಡೇ ಪ್ರಶ್ನೆಗಳ ಮೇಲೆ.

ಲೋಪ ಬ್ಯಾಂಕಿನದಾದರೆ ಗ್ರಾಹಕರ ಹೊಣೆ ಸೊನ್ನೆ. ಲೋಪ ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದೆ ಎನ್ನುವಾಗ ದಿನಗಳ ಎಣಿಕೆ ಶುರುವಾಗುತ್ತದೆ. ವಹಿವಾಟಿನ ಸಂದೇಶ ಬಂದ ದಿನವನ್ನು ಬಿಟ್ಟು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಆಗಲೂ ಹೊಣೆ ಸೊನ್ನೆಯೇ. ನಾಲ್ಕರಿಂದ ಏಳನೆಯ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿ ಕಳೆದುಕೊಳ್ಳುತ್ತಾರೆ. ಆಮೇಲೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಹೇಳಿದ್ದೇ ಲೆಕ್ಕ. ನಮ್ಮ ಪ್ರಸಂಗದಲ್ಲಿ ಜೂನ್ 14 ಎರಡನೆಯ ಶನಿವಾರ, 15 ಭಾನುವಾರ. ಹಾಗಾಗಿ ಮೂರು ಕೆಲಸದ ದಿನ ಮುಗಿಯುವುದು 18ರ ಬುಧವಾರ. ಏಳು ಮುಗಿಯುವುದು 23ರ ಸೋಮವಾರ. ಶುಕ್ರವಾರ ರಾತ್ರಿಯ ಕರೆಗೆ ದೂರಿನ ಸಂಖ್ಯೆ ಇರುವುದರಿಂದ ಈ ಶಿಕ್ಷಕಿ ಮೊದಲ ಗೆರೆಯೊಳಗೇ ಇದ್ದಾರೆ. ಪತ್ರ ಸೋಮವಾರ ಕೊಟ್ಟರೂ ತಡವಾಗಿಲ್ಲ.

ಕಷ್ಟ ಬರುವುದು ಮೂರನೆಯ ಸ್ಥಿತಿಯಲ್ಲಿ. ಗ್ರಾಹಕರು ತಮ್ಮ ಪಾವತಿಯ ಗುಟ್ಟನ್ನು ತಾವೇ ಕೊಟ್ಟಿದ್ದರೆ ಅದು ಅವರ ನಿರ್ಲಕ್ಷ್ಯ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಲಿಂಕ್ ಒತ್ತಿದ ಪ್ರಕರಣಗಳಲ್ಲಿ ಬ್ಯಾಂಕುಗಳು ಸಾಮಾನ್ಯವಾಗಿ ಹಿಡಿಯುವ ಪಟ್ಟು ಇದೇ: "ಒಟಿಪಿ ಹಾಕದೆ ವಹಿವಾಟು ಆಗುವುದಿಲ್ಲ ಮೇಡಂ, ನೀವೇ ಕೊಟ್ಟಿರುತ್ತೀರಿ." ಈ ಶಿಕ್ಷಕಿ ಕಾರ್ಡಿನ ವಿವರ ತುಂಬಿದ್ದು ನಿಜ. ಬ್ಯಾಂಕು ಅದನ್ನೇ ಹಿಡಿದು ನಿರ್ಲಕ್ಷ್ಯ ಎಂದು ಸಾಧಿಸಿದರೆ 74,999 ರೂಪಾಯಿ ಅವರ ಪಾಲಿಗೆ ಬೀಳಬಹುದು. ಆಗಲೂ 10.31ರ ಹತ್ತು ಸಾವಿರವನ್ನು ಬ್ಯಾಂಕು ಕೊಡಲೇಬೇಕು. 10.05 ಎಂಬ ಅಂಕಿ ಪತ್ರದಲ್ಲಿ ಇರಬೇಕಾದದ್ದು ಇದಕ್ಕೇ.

ಹಾಗೆಂದು ಬ್ಯಾಂಕು ಬಾಯಲ್ಲಿ ಹೇಳಿದರೆ ಸಾಲದು. ಗ್ರಾಹಕರ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನದೇ ಎಂದು ಅದೇ ಸುತ್ತೋಲೆ ಹೇಳುತ್ತದೆ. ದೆಹಲಿಯ ಗ್ರಾಹಕರೊಬ್ಬರು 2021ರಲ್ಲಿ ಎಸ್‌ಎಂಎಸ್ ಲಿಂಕ್ ಒತ್ತಿ 2.6 ಲಕ್ಷ ರೂಪಾಯಿ ಕಳೆದುಕೊಂಡಿದ್ದರು. ಲಿಂಕ್ ಒತ್ತಿದೆ, ಒಟಿಪಿ ಕೊಟ್ಟಿಲ್ಲ ಎಂಬುದು ಅವರ ವಾದ. ಒಟಿಪಿ ಇಲ್ಲದೆ ಹಣ ಹೋಗದು ಎಂಬುದು ಬ್ಯಾಂಕಿನ ವಾದ. ಬ್ಯಾಂಕೂ ಒಪ್ಪಲಿಲ್ಲ, ಓಂಬುಡ್ಸ್‌ಮನ್ ಕೂಡ ಒಪ್ಪಲಿಲ್ಲ. 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಬ್ಯಾಂಕಿನ ಸೇವೆಯಲ್ಲೇ ಲೋಪ ಕಂಡು, ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಲು ಆದೇಶಿಸಿತು. ಅಸ್ಸಾಂನ ಇನ್ನೊಂದು ಪ್ರಕರಣದಲ್ಲಿ ಗ್ರಾಹಕರು ನಕಲಿ ಕಸ್ಟಮರ್ ಕೇರ್ ಕರೆ ನಂಬಿ ಆ್ಯಪ್ ಇಳಿಸಿಕೊಂಡು 94 ಸಾವಿರ ಚಿಲ್ಲರೆ ಕಳೆದುಕೊಂಡಿದ್ದರು. ಬ್ಯಾಂಕೇ ಹೊಣೆ ಎಂಬ ಗುವಾಹಟಿ ಹೈಕೋರ್ಟಿನ ತೀರ್ಪನ್ನು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಗ್ರಾಹಕರು 24 ಗಂಟೆಯೊಳಗೆ ದೂರು ಕೊಟ್ಟಿದ್ದನ್ನು ಕೋರ್ಟು ಗಮನಿಸಿತ್ತು. ಪ್ರತಿ ಪ್ರಕರಣದ ವಿವರ ಬೇರೆ, ಎಲ್ಲರಿಗೂ ಇದೇ ತೀರ್ಪು ಸಿಗುತ್ತದೆ ಎನ್ನುವಂತಿಲ್ಲ.

ಹಾಗಾಗಿ ಪತ್ರದ ಎರಡನೆಯ ಕಂಡಿಕೆಯೇ ಅದರ ಜೀವಾಳ. ಅದರಲ್ಲಿ ಎರಡು ಬಗೆಯ ಎಡವಟ್ಟು ಆಗುತ್ತದೆ. ನಾಚಿಕೆಯಿಂದ ಕೆಲವರು ಲಿಂಕಿನ ಮಾತನ್ನೇ ಎತ್ತುವುದಿಲ್ಲ. ತನಿಖೆಯಲ್ಲಿ ಅದು ಹೊರಬಿದ್ದಾಗ ಪತ್ರದ ಉಳಿದ ಮಾತುಗಳ ಮೇಲೂ ಅನುಮಾನ ಬರುತ್ತದೆ. ಇನ್ನು ಕೆಲವರು ಗಾಬರಿಯಲ್ಲಿ "ನನ್ನ ತಪ್ಪಿನಿಂದ ಎಲ್ಲ ಮಾಹಿತಿ ಕೊಟ್ಟುಬಿಟ್ಟೆ, ದಯವಿಟ್ಟು ಕ್ಷಮಿಸಿ" ಎಂದು ಬರೆದುಬಿಡುತ್ತಾರೆ. ಕೊಡದ ಒಟಿಪಿಯೂ ಆ "ಎಲ್ಲ"ದೊಳಗೆ ಸೇರಿಹೋಗುತ್ತದೆ. ಏನು ಒತ್ತಿದೆ, ಏನು ತುಂಬಿದೆ, ಏನು ತುಂಬಲಿಲ್ಲ ಎಂಬುದನ್ನು ಬಿಡಿಬಿಡಿಯಾಗಿ, ನಡೆದ ಹಾಗೇ ಬರೆಯಬೇಕು. ಪಿನ್, ಮೂರಂಕಿಯ ಸಂಖ್ಯೆ, ಕಾರ್ಡಿನ ಪೂರ್ತಿ ಸಂಖ್ಯೆ ಮಾತ್ರ ಪತ್ರದಲ್ಲಿ ಇರಬಾರದು. ಆ ಹಾಳೆ ಎಷ್ಟು ಕೈ ದಾಟುತ್ತದೋ ಹೇಳಲಾಗದು.

ಮಾತಿಗೆ ಸಾಕ್ಷಿ ಫೋನಿನಲ್ಲೇ ಇದೆ. ಗಾಬರಿಯಲ್ಲಿ ಸಂದೇಶವನ್ನೂ ಆ್ಯಪನ್ನೂ ಅಳಿಸುವವರು ಬಹಳ. ಮೊದಲು ಇಂಟರ್ನೆಟ್ ಆರಿಸಿ, ವಾಟ್ಸ್ಆ್ಯಪ್ ಸಂದೇಶ, ಕಳಿಸಿದವರ ಸಂಖ್ಯೆ, ಆ್ಯಪಿನ ಹೆಸರು, ಅದಕ್ಕೆ ಕೊಟ್ಟ ಅನುಮತಿಗಳ ಪುಟ ಇವನ್ನು ಇನ್ನೊಂದು ಫೋನಿನಿಂದ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಎಸ್‌ಎಂಎಸ್ ಓದುವ ಅನುಮತಿ ಆ ಆ್ಯಪಿಗೆ ಇತ್ತು ಎಂಬ ಚಿತ್ರ, "ಒಟಿಪಿ ನಾನು ಕೊಟ್ಟಿಲ್ಲ" ಎಂಬ ಸಾಲಿನ ಬೆನ್ನಿಗೆ ನಿಲ್ಲುತ್ತದೆ.

ಪತ್ರ ಎರಡು ಪ್ರತಿ ಇರಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಬೇಕು. "ಇಟ್ಟು ಹೋಗಿ, ಮೇಲಕ್ಕೆ ಕಳಿಸ್ತೀವಿ" ಎಂದರೆ ಅಲ್ಲೇ ಕೂತು ಅದೇ ಪತ್ರವನ್ನು ಶಾಖೆಯ ಇಮೇಲಿಗೂ ಕಳಿಸಬಹುದು.

ಅಲ್ಲಿಂದ ಮುಂದಿನ ದಿನಗಳು ಬ್ಯಾಂಕಿನವು. ಸುತ್ತೋಲೆಯ ಪ್ರಕಾರ ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ವಿವಾದದ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ಬ್ಯಾಂಕಿನವರು ಇದನ್ನು ಶ್ಯಾಡೋ ರಿವರ್ಸಲ್ ಎನ್ನುತ್ತಾರೆ. ಲೆಕ್ಕ ಹಾಕಿದರೆ ಅದು ಜೂನ್ 26ಕ್ಕೆ ಬರುತ್ತದೆ. ಹಣ ಪಾಸ್‌ಬುಕ್ಕಿನಲ್ಲಿ ಕಂಡರೂ ತೀರ್ಮಾನವಾಗುವವರೆಗೆ ತೆಗೆಯಲು ಬಿಡದೆ ಇರಬಹುದು. 90 ದಿನಗಳೊಳಗೆ, ಅಂದರೆ ಸೆಪ್ಟೆಂಬರ್ 11ರೊಳಗೆ, ದೂರು ಇತ್ಯರ್ಥವಾಗಬೇಕು. ಪತ್ರಕ್ಕೆ 30 ದಿನವಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲವೆನಿಸಿದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಬ್ಯಾಂಕಿಗೆ ದೂರು ಕೊಟ್ಟದ್ದು ಯಾವಾಗ ಎಂದು ಆ ತಾಣ ಕೇಳುತ್ತದೆ. ಸೋಮವಾರ ಮೊಹರು ಬಿದ್ದ ಪ್ರತಿಯನ್ನು ಶಿಕ್ಷಕಿ ಪಾಸ್‌ಬುಕ್ಕಿನೊಳಗೆ ಮಡಚಿಟ್ಟಿದ್ದರೆ, ಅಲ್ಲಿ ತುಂಬಬೇಕಾದ ದಿನಾಂಕ 16-06-2025.