ಏಳು ಜನರ ಮಾತಿನಿಂದ ಮೂರು ಚಿತ್ರ

ಮೈಸೂರಿನ ಕುವೆಂಪುನಗರದಲ್ಲಿ ನನ್ನ ತಂಗಿಯ ಮಗಳು ಒಂದು ಸಣ್ಣ ಫಿಟ್‌ನೆಸ್ ಸ್ಟುಡಿಯೋ ನಡೆಸುತ್ತಾಳೆ. ಒಂದು ಹಾಲ್, ಹದಿನೈದು ಮ್ಯಾಟ್, ಒಂದಿಷ್ಟು ಡಂಬೆಲ್, ಬೆಳಿಗ್ಗೆ ಆರಕ್ಕೊಂದು ಸಂಜೆ ಆರೂವರೆಗೊಂದು ಬ್ಯಾಚ್. ಶುರುವಾಗಿ ವರ್ಷ ತುಂಬಿದಾಗ ಅವಳು ಒಂದು ಕಾಗದ ತಂದು ತೋರಿಸಿದಳು. ನಗುತ್ತಿರುವ ಹುಡುಗಿಯ ಫೋಟೊ, ಕೆಳಗೆ ‘ವಯಸ್ಸು 28, ಸಾಫ್ಟ್‌ವೇರ್ ಕೆಲಸ, ತೂಕ ಇಳಿಸುವ ಆಸೆ, ಪುರುಸೊತ್ತಿಲ್ಲ’. “ಇವಳೇ ನಮ್ಮ ಕಸ್ಟಮರ್, ದೊಡ್ಡಮ್ಮ” ಅಂದಳು. ಈ ಹುಡುಗಿ ಯಾವ ಬ್ಯಾಚಿಗೆ ಬರುತ್ತಾಳೆ ಎಂದು ಕೇಳಿದೆ. ಹಾಜರಿ ಪುಸ್ತಕ ತಿರುವಿ ನೋಡಿದರೆ, ಆಗಿದ್ದ 38 ಸದಸ್ಯರಲ್ಲಿ ಅಂಥವರು ಒಬ್ಬರೂ ಇರಲಿಲ್ಲ.

ಅವಳು ತಂದಿದ್ದಕ್ಕೆ ಮಾರುಕಟ್ಟೆಯವರು ಪರ್ಸೋನಾ ಎನ್ನುತ್ತಾರೆ. ಒಂದೇ ಬಗೆಯ ಗ್ರಾಹಕರನ್ನು ಒಬ್ಬ ವ್ಯಕ್ತಿಯಂತೆ ಕಣ್ಣಮುಂದೆ ನಿಲ್ಲಿಸುವ ಚಿತ್ರ ಅದು. ಅದನ್ನು ಬಳಕೆಗೆ ತಂದವರು ಅಮೆರಿಕದ ಸಾಫ್ಟ್‌ವೇರ್ ವಿನ್ಯಾಸಕ ಅಲನ್ ಕೂಪರ್. 1983ರಲ್ಲಿ ಒಂದು ಪ್ರೋಗ್ರಾಮ್ ಬರೆಯುವಾಗ ಅವರು ಅದನ್ನು ಬಳಸಬಹುದಾದ ಕೆಲವರನ್ನು ಮಾತಾಡಿಸಿದರು. ಅವರಲ್ಲೊಬ್ಬ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು, ‘ಇದು ಅವಳಿಗೆ ಬೇಕೇ’ ಎಂದು ಕೇಳಿಕೊಳ್ಳುತ್ತ ಕೆಲಸ ಮಾಡಿದರು. ಅಂದರೆ ಮಾತುಕತೆ ಮೊದಲು, ಚಿತ್ರ ಆಮೇಲೆ. ಈಗ ಬಹಳ ಕಡೆ ಮಾತುಕತೆಯನ್ನು ಬಿಟ್ಟು ಚಿತ್ರವನ್ನಷ್ಟೇ ಉಳಿಸಿಕೊಂಡಿದ್ದಾರೆ. ಹಲವು ವರ್ಷ ಊರೂರು ಸುತ್ತಿ ಗ್ರಾಹಕರ ಸಂದರ್ಶನ ಮಾಡಿದವಳು ನಾನು, ಇದನ್ನು ನೋಡಿದರೆ ಸಂಕಟವಾಗುತ್ತದೆ.

ಏಳು ಜನರನ್ನು ಮಾತಾಡಿಸೋಣ ಎಂದೆ. ಯಾರನ್ನು ಎನ್ನುವುದೇ ಮುಖ್ಯ. ದಿನಾ ಬರುವವರನ್ನು ಮಾತ್ರ ಕೇಳಿದರೆ ಸ್ಟುಡಿಯೋದ ಹೊಗಳಿಕೆ ಸಿಗುತ್ತದೆ, ಅಷ್ಟೇ. ಹಾಗಾಗಿ ನಿಯಮಿತವಾಗಿ ಬರುವ ಮೂವರು, ಬಿಟ್ಟುಹೋದ ಇಬ್ಬರು, ಒಮ್ಮೆ ಬಂದು ಫೀಸು ವಿಚಾರಿಸಿ ಮತ್ತೆ ಬಾರದ ಇಬ್ಬರು. ಮಾತು ಸ್ಟುಡಿಯೋದಲ್ಲಿ ಬೇಡ, ಅವರ ಮನೆಯಲ್ಲೋ ಕಾಫಿ ಹೋಟೆಲಿನಲ್ಲೋ, ಒಬ್ಬೊಬ್ಬರೊಂದಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ.

ಅವಳು ಬರೆದುಕೊಂಡಿದ್ದ ಮೊದಲ ಪ್ರಶ್ನೆ, ‘ಬೇರೆ ಹೊತ್ತಿಗೆ ಬ್ಯಾಚ್ ಇಟ್ಟರೆ ಬರುತ್ತೀರಾ?’ ಅದನ್ನು ಹೊಡೆದುಹಾಕಿಸಿದೆ. ನಾಳೆ ತಾನು ಏನು ಮಾಡುತ್ತೇನೆ ಎಂದು ಮನುಷ್ಯ ಕೊಡುವ ಉತ್ತರ ವ್ಯಾಯಾಮದ ವಿಷಯದಲ್ಲಿ ಬಹಳ ದುರ್ಬಲ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುತ್ತಿದ್ದವರು ಸರಾಸರಿ ಬರುತ್ತಿದ್ದುದು 4.3 ಸಲ. ಒಂದು ಸಲಕ್ಕೆ 17 ಡಾಲರಿಗೂ ಮಿಕ್ಕಿ ಬಿದ್ದಂತಾಯಿತು. ಹತ್ತು ಸಲದ ಪಾಸು ಕೊಂಡಿದ್ದರೆ ಹತ್ತು ಡಾಲರಿನಲ್ಲಿ ಮುಗಿಯುತ್ತಿತ್ತು. ದುಡ್ಡು ಕಟ್ಟುವಾಗಲೂ ತಮ್ಮ ಬಗ್ಗೆ ತಪ್ಪು ಅಂದಾಜು ಮಾಡಿಕೊಳ್ಳುವವರು, ಸಂಕೋಚಕ್ಕೆ ಕೊಡುವ ಉತ್ತರವನ್ನು ಹೇಗೆ ನಂಬುವುದು?

ಅದಕ್ಕೇ ನಡೆದುಹೋದದ್ದನ್ನು ಮಾತ್ರ ಕೇಳಬೇಕು. ಸೇರಿದ ದಿನ ಏನೇನಾಯಿತು? ಅದರ ಹಿಂದಿನ ವಾರ ಮನೆಯಲ್ಲಿ ಏನು ನಡೆದಿತ್ತು? ಅದಕ್ಕೂ ಮೊದಲು ಏನು ಮಾಡಿ ಬಿಟ್ಟಿದ್ದಿರಿ? ಕೊನೆಯ ಸಲ ತಪ್ಪಿಸಿಕೊಂಡ ದಿನ ಬೆಳಿಗ್ಗೆ ಎದ್ದಾಗಿನಿಂದ ಹೇಳಿ. ಇಷ್ಟು ಕೇಳಿ ಸುಮ್ಮನಿರುವುದು. ಉತ್ತರವನ್ನು ಅವತ್ತೇ ಅವರದೇ ಮಾತಿನಲ್ಲಿ ಬರೆದಿಡುವುದು. “ಮೋಟಿವೇಶನ್ ಕಡಿಮೆ” ಎಂದು ನಾವು ಬರೆದರೆ ಅದು ನಮ್ಮ ಮಾತು. “ಹಿಂದಿನ ಸಾಲಿನಲ್ಲಿ ಜಾಗ ಸಿಗಲ್ಲ ಅಂತ ವಾಪಸ್ ಹೋದೆ” ಎಂಬುದು ಅವರ ಮಾತು. ಕೆಲಸಕ್ಕೆ ಬರುವುದು ಎರಡನೆಯದೇ.

ಏಳೂ ಮುಗಿದ ಮೇಲೆ ಒಂದೊಂದು ಮಾತನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಮೂಲೆಯಲ್ಲಿ ಯಾರದೆಂದು ಒಂದರಿಂದ ಏಳರೊಳಗಿನ ಅಂಕಿ ಹಾಕಿ, ಹಾಲಿನ ನೆಲದ ಮೇಲೆ ಹರಡಿದೆವು. ಮೊದಲ ಸಲ ಅವಳು ವಯಸ್ಸಿನ ಪ್ರಕಾರ ಜೋಡಿಸಿದಳು. ಏನೂ ಕಾಣಲಿಲ್ಲ. ಆಮೇಲೆ ‘ಏನು ಕರೆತಂದಿತು, ಏನು ತಡೆಯಿತು’ ಎಂದು ಜೋಡಿಸಿದಾಗ ಕಂತೆಗಳು ತಾವಾಗಿಯೇ ಬಿದ್ದವು.

ಬ್ಯಾಂಕಿನಲ್ಲಿ ಕೆಲಸ ಮಾಡುವ 26ರ ಹುಡುಗ ಮತ್ತು ಫೀಸು ಕೇಳಿ ಹೋದ 53ರ ಗೃಹಿಣಿ ಒಂದೇ ಕಂತೆಗೆ ಬಂದರು. ಹಿಂದಿನ ಸಾಲಿನ ಮಾತು ಆ ಹುಡುಗನದು. ಎಲ್ಲರ ಮುಂದೆ ತಪ್ಪಾದರೆ ಎಂಬ ಅಳುಕು ಇಬ್ಬರಿಗೂ. ಟ್ರೇನರ್ ದೂರದಿಂದಲೇ ಹೆಸರು ಹಿಡಿದು ಕೂಗಿ ತಿದ್ದುವುದನ್ನು ಇಬ್ಬರೂ ಹೇಳಿದ್ದರು, ಒಬ್ಬರು ಅನುಭವಿಸಿ, ಇನ್ನೊಬ್ಬರು ಬಾಗಿಲಲ್ಲಿ ನಿಂತು ನೋಡಿ. ಎರಡನೇ ಕಂತೆ, ನಿವೃತ್ತ ಶಿಕ್ಷಕಿ ಮತ್ತು ಅಂಗಡಿ ನಡೆಸುವ ಗಂಡಸು. ಇಬ್ಬರೂ ಬಂದದ್ದು ಶುಗರ್ ರಿಪೋರ್ಟ್ ನೋಡಿ ಡಾಕ್ಟರ್ ಗದರಿದ ವಾರದಲ್ಲಿ. ಮೂರನೆಯದು, ಬಿಟ್ಟುಹೋದ ಒಬ್ಬ ತಾಯಿ ಮತ್ತು ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಂಗಸು. ಇವರ ಬೆಳಿಗ್ಗೆ ಆರು ಡಬ್ಬಿ ಕಟ್ಟುವ ಹೊತ್ತು, ಸಂಜೆ ಆರೂವರೆ ಮಕ್ಕಳ ಹೋಂವರ್ಕಿನ ಹೊತ್ತು. ಕೈಗೆ ಸಿಗುವುದು ಹನ್ನೊಂದರಿಂದ ಹನ್ನೆರಡೂವರೆ.

ಐದನೆಯವರು ಎಲ್ಲಿಯೂ ಸೇರಲಿಲ್ಲ. ಭಾರದ ಬಾರ್ಬೆಲ್ ಎತ್ತಬೇಕೆಂದು ದೊಡ್ಡ ಜಿಮ್ಮಿಗೆ ಹೋದ ಲೆಕ್ಚರರ್ ಅವರು. ಅವರನ್ನು ಯಾವುದಾದರೂ ಕಂತೆಗೆ ತುರುಕುವ ಆಸೆ ಬರುತ್ತದೆ, ತುರುಕಬಾರದು. ಇಬ್ಬರ ಅರ್ಧರ್ಧ ಬೆರೆಸಿದರೆ ಎಲ್ಲೂ ಇಲ್ಲದ ಮೂರನೆಯವರೊಬ್ಬರು ಹುಟ್ಟುತ್ತಾರೆ. ಅವಳು ಮೊದಲು ತಂದ ಫೋಟೊದ ಹುಡುಗಿಯ ಕಥೆಯೂ ಅದೇ.

ಪರ್ಸೋನಾ ಬರೆಯುವಾಗ ಫೋಟೊ, ಹೆಸರು, ವಯಸ್ಸು ಬೇಡವೆಂದೆ. ಕೂಪರ್ ಹೆಸರು ಕೊಡುತ್ತಿದ್ದರು, ನಿಜ. ಇಷ್ಟು ಚಿಕ್ಕ ಜಾಗದಲ್ಲಿ ಹೆಸರಿಟ್ಟರೆ ಟ್ರೇನರಿಗೆ ಪರಿಚಿತ ಮುಖವೊಂದು ನೆನಪಾಗಿ, ಚಿತ್ರ ಆ ಒಬ್ಬರಿಗೇ ಅಂಟಿಕೊಳ್ಳುತ್ತದೆ. ‘ರಿಪೋರ್ಟ್ ಹಿಡಿದು ಬಂದವರು’ ಎಂಬ ತಲೆಬರಹದ ಕೆಳಗೆ ನಾವು ಬರೆದದ್ದು ಇಷ್ಟು: ಡಾಕ್ಟರ್ ಹೇಳಿದ ವಾರದಲ್ಲೇ ಸೇರುತ್ತಾರೆ (1, 3). ಇವರು ಕಾಯುವುದು ಮುಂದಿನ ರಕ್ತಪರೀಕ್ಷೆಗೆ, ತೂಕಕ್ಕಲ್ಲ (1, 3). ತಿಂಗಳ ಮೊದಲ ದಿನ ತೂಕ ನೋಡುವಾಗ ಕುಗ್ಗುತ್ತಾರೆ (1). ಪ್ರತಿ ಸಾಲಿಗೂ ಹೇಳಿದವರ ಅಂಕಿ ಇದೆ. ಅಂಕಿಯಿಲ್ಲದ ಸಾಲು ನಮ್ಮ ಊಹೆ, ಒಂದೇ ಅಂಕಿಯ ಸಾಲು ಇನ್ನೂ ಕೇಳಿ ತಿಳಿಯಬೇಕಾದದ್ದು.

ಈ ಚಿತ್ರ ಸರಿಯೋ ಎಂದು ನೋಡಲು ನಾನು ಕೇಳುವುದು ಒಂದೇ, ಇದರಿಂದ ಏನು ಬದಲಾಗುತ್ತದೆ? ಡಾಕ್ಟರು ಬರೆದುಕೊಡುವ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಹಾಗಾದರೆ ಈ ಕಂತೆಯವರಿಗೆ ಒಂದು ತಿಂಗಳ ಫೀಸಿಗಿಂತ ಮೂರು ತಿಂಗಳದು ಹೊಂದುತ್ತದೆ. ಅವಳು ಅದನ್ನು ಶುರುಮಾಡಿದಳು, ತಿಂಗಳ ತೂಕವನ್ನು ಬೇಕೆಂದವರಿಗೆ ಮಾತ್ರ ಇಟ್ಟಳು. ಟ್ರೇನರ್ ಈಗ ಹತ್ತಿರ ಹೋಗಿ ಮೆಲ್ಲಗೆ ತಿದ್ದುತ್ತಾರೆ. ವಾರಕ್ಕೆ ಮೂರು ದಿನ ಹನ್ನೊಂದರ ಬ್ಯಾಚ್ ಇಟ್ಟು ಒಂದು ತಿಂಗಳು ನೋಡಿದರು. ಐದಾರು ಜನ ನಿಂತರು. ಹೊಲಿಗೆಯ ಹೆಂಗಸು ಬಂದರು, ಬಿಟ್ಟುಹೋಗಿದ್ದ ತಾಯಿ ಬರಲಿಲ್ಲ.

ಏಳು ಜನರ ಮಾತು ಹೇಳಲಾರದ್ದು ಒಂದಿದೆ. ಯಾವ ಬಗೆಯವರು ಎಷ್ಟು ಮಂದಿ ಎಂಬುದು. ಏಳರಲ್ಲಿ ಇಬ್ಬರು ಎಂದು ಶೇಕಡಾ ಲೆಕ್ಕ ಹಾಕಿದರೆ ಅದು ಸುಳ್ಳು, ಏಕೆಂದರೆ ಆ ಏಳು ಜನರನ್ನು ಆರಿಸಿದ್ದೇ ನಾವು. ಅದಕ್ಕೆ ಫೀಸು ಕಟ್ಟಲು ಬಂದವರನ್ನೆಲ್ಲ ‘ಸೇರಿದ ವಾರ ಏನಾಗಿತ್ತು’ ಎಂದು ಕೇಳಿ, ಹಾಜರಿ ಪುಸ್ತಕದಲ್ಲಿ ಒಂದು ಗುರುತು ಹಾಕಿಕೊಳ್ಳುತ್ತಿದ್ದಾಳೆ. ಎಂಟನೆಯವರು, ಒಂಬತ್ತನೆಯವರು ಹೊಸ ಕಂತೆ ಹುಟ್ಟಿಸುತ್ತಿದ್ದರೆ ಮಾತುಕತೆ ಇನ್ನೂ ಮುಗಿದಿಲ್ಲ ಎಂದೇ ತಿಳಿಯಬೇಕು.

ನೀವೂ ಇಂಥದೊಂದು ಸ್ಟುಡಿಯೋ ನಡೆಸುವವರಾದರೆ, ಮೂರು ತಿಂಗಳ ಹಿಂದೆ ಬಿಟ್ಟುಹೋದ ಒಬ್ಬರಿಗೆ ಮೊದಲು ಫೋನ್ ಮಾಡಿ. ಮಾತಿನ ಕೊನೆಯಲ್ಲಿ ಮತ್ತೆ ಬನ್ನಿ ಎಂದು ಮಾತ್ರ ಕರೆಯಬೇಡಿ. ಹಾಗೆ ಕರೆಯುವ ಸುಳಿವು ಸಿಕ್ಕೊಡನೆ ಅವರು ನಿಜವಾದ ಕಾರಣ ಬಿಟ್ಟು, ನಿಮ್ಮ ಮನಸ್ಸಿಗೆ ನೋವಾಗದ ಕಾರಣ ಹೇಳತೊಡಗುತ್ತಾರೆ.